ಮಗಳ ಫೋನಿನಲ್ಲಿ ಪ್ರೇಮದ ಮೆಸೇಜ್ ನೋಡಿಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಪಾಠದ ವಿಡಿಯೋ ನೋಡಲಿ ಅಂತ ನನ್ನ ಹಳೇ ಫೋನ್ ಕೊಟ್ಟಿದ್ದೆ. ಭಾನುವಾರ ಅವಳು ಸ್ನಾನಕ್ಕೆ ಹೋಗಿದ್ದಾಗ ಒಂದು ಮೆಸೇಜ್ ಬಂತು. ‘ರಮ್ಯಾ ಟ್ಯೂಷನ್’ ಅಂತ ಹೆಸರಿತ್ತು, ತೆಗೆದು ನೋಡಿದರೆ ಹುಡುಗ. ಅದೇ ಟ್ಯೂಷನ್‌ಗೆ ಬರುವ ಮೊದಲ ಪಿಯುಸಿಯವನಂತೆ. ‘ಲವ್ ಯೂ’, ‘ನೀನಿಲ್ದೆ ಇರಕ್ಕಾಗಲ್ಲ’ ಅಂತ ಇಬ್ಬರೂ ಬರೆದುಕೊಂಡಿದ್ದಾರೆ. ಎರಡು ಕಡೆ ಅವನು ‘ಫೋಟೋ ಕಳ್ಸು’ ಅಂದಿದ್ದಾನೆ, ಇವಳು ‘ಬೇಡ’ ಅಂದಿದ್ದಾಳೆ. ಮುಂದೆ ನೋಡಲು ಕೈ ನಡುಗಿತು, ಇಟ್ಟುಬಿಟ್ಟೆ. ನಾಲ್ಕು ದಿನದಿಂದ ಅವಳ ಮುಖ ನೋಡಲಾಗುತ್ತಿಲ್ಲ. ನನ್ನ ಅಕ್ಕನಿಗೆ ಮಾತ್ರ ಹೇಳಿದೆ. ‘ಫೋನ್ ಕಿತ್ಕೊಂಡು ಅಜ್ಜಿ ಮನೆಗೆ ಕಳಿಸು, ಸುಮ್ನೆ ಒಂದು ಗಂಡು ನೋಡು’ ಅಂತಾಳೆ. ನಮ್ಮವರಿಗೆ ಸಿಟ್ಟು ಜಾಸ್ತಿ, ಗೊತ್ತಾದರೆ ಶಾಲೆ ಬಿಡಿಸುತ್ತಾರೆ. ಎಲ್ಲಿ ತಪ್ಪಿದೆ ಅಂತಲೇ ತಿಳಿಯುತ್ತಿಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ‘ಲವ್ ಯೂ’ ಅಲ್ಲ, ‘ಬೇಡ’. ಇಷ್ಟಪಟ್ಟ ಹುಡುಗ ಎರಡು ಸಲ ಕೇಳಿದರೂ ನಿಮ್ಮ ಮಗಳು ಎರಡು ಸಲವೂ ಆಗುವುದಿಲ್ಲ ಅಂದಿದ್ದಾಳೆ. ಅದನ್ನು ಅವಳಿಗೆ ಯಾರೂ ನಿನ್ನೆ ಮೊನ್ನೆ ಹೇಳಿಕೊಟ್ಟದ್ದಲ್ಲ, ನಿಮ್ಮ ಮನೆಯಿಂದಲೇ ಬಂದಿರಬೇಕು. ‘ಎಲ್ಲಿ ತಪ್ಪಿದೆ’ ಅಂತ ಮತ್ತೆ ಅನಿಸಿದಾಗ ಇದನ್ನು ನೆನಪಿಗೆ ತಂದುಕೊಳ್ಳಿ. ನಾಲ್ಕು ದಿನ ಸುಮ್ಮನಿದ್ದದ್ದಕ್ಕೂ ನೊಂದುಕೊಳ್ಳಬೇಡಿ. ಕೈ ನಡುಗುತ್ತಿದ್ದಾಗ ಆಡಿದ ಮಾತಿಗಿಂತ ನಾಲ್ಕು ದಿನ ತಡವಾಗಿ ಆಡಿದ ಮಾತು ಒಳ್ಳೆಯದು.

ಹದಿನಾಲ್ಕು, ಹದಿನೈದರಲ್ಲಿ ಒಬ್ಬರ ಮೇಲೆ ಮನಸ್ಸಾಗುವುದು ಮೈ ಬೆಳೆದಷ್ಟೇ ಸಹಜ. ಆ ವಯಸ್ಸಿನಲ್ಲಿ ಮಿದುಳಿನ ಭಾವನೆಯ ಭಾಗ ಚುರುಕಾಗಿಬಿಟ್ಟಿರುತ್ತದೆ. ಮುಂದೇನಾದೀತು ಎಂದು ಅಳೆದು ತೂಗುವ, ಹಣೆಯ ಹಿಂದಿನ ಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಹಾಗಾಗಿ ‘ನೀನಿಲ್ದೆ ಇರಕ್ಕಾಗಲ್ಲ’ ಎಂದು ಅವಳು ಬರೆದದ್ದು ನಾಟಕವಲ್ಲ, ಆ ಗಳಿಗೆಗೆ ಅದು ಪೂರ್ತಿ ನಿಜ. ಮೂರು ತಿಂಗಳಿಗೆ ಅದೇ ಹುಡುಗನ ಹೆಸರು ಹೇಳಿದರೆ ಮುಖ ಸಿಂಡರಿಸಬಹುದು, ಆಗ ಅದೂ ನಿಜ. ಇದಕ್ಕೆ ಕೆಟ್ಟ ಸಹವಾಸ, ಕೆಟ್ಟ ಸಂಸ್ಕಾರ ಯಾವುದೂ ಬೇಕಾಗಿಲ್ಲ. ಹುಡುಗನ ನಂಬರನ್ನು ಹುಡುಗಿಯ ಹೆಸರಲ್ಲಿ ಸೇವ್ ಮಾಡಿಕೊಂಡದ್ದು ನಿಮಗೆ ಮೋಸದಂತೆ ಕಂಡಿರುತ್ತದೆ. ನನ್ನ ಮುಂದೆ ಕೂತ ಮಕ್ಕಳನ್ನು ಕೇಳಿ ಹೇಳುವುದಾದರೆ, ಅದರ ಹಿಂದಿರುವುದು ಬಹುಪಾಲು ಹೆದರಿಕೆ. ಗೊತ್ತಾದರೆ ಶಾಲೆ ಬಿಡಿಸುತ್ತಾರೆ ಎಂದು ನಿಮಗೆ ಗೊತ್ತಿರುವುದು ಅವಳಿಗೂ ಗೊತ್ತಿದೆ.

ಇನ್ನು ಫೋನ್ ಕಿತ್ತುಕೊಂಡರೆ ಮುಗಿಯಿತು ಎಂಬ ನಂಬಿಕೆ. ಅದು ಮುಗಿಯುವುದಿಲ್ಲ, ನಿಮ್ಮ ಕಣ್ಣಿನಿಂದ ಮರೆಯಾಗುತ್ತದೆ ಅಷ್ಟೇ. ಗೆಳತಿಯ ಫೋನಿನಿಂದ, ಬೇರೆ ಹೆಸರಿನ ಇನ್‌ಸ್ಟಾಗ್ರಾಮ್ ಖಾತೆಯಿಂದ, ನೋಟ್‌ಬುಕ್ ಹಾಳೆಯಿಂದ ಮುಂದುವರಿಯುತ್ತದೆ. ಅಲ್ಲಿಯವರೆಗೆ ‘ಇದು ಸರಿ ಇದೆಯೋ ಇಲ್ಲವೋ’ ಎಂದು ಅರೆಮನಸ್ಸಿನಲ್ಲಿದ್ದ ಹುಡುಗಿಗೆ ಈಗ ‘ನಾವಿಬ್ಬರು ಒಂದು ಕಡೆ, ಲೋಕವೆಲ್ಲ ಒಂದು ಕಡೆ’ ಅನಿಸತೊಡಗುತ್ತದೆ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂಬತ್ತನೇ ತರಗತಿಯ ಹುಡುಗಿ, ಹಾಸನದ ಕಡೆಯ ಕೂಡು ಕುಟುಂಬ. ಮೆಸೇಜು ಸಿಕ್ಕ ರಾತ್ರಿ ಅಪ್ಪ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರ ಮುಂದೆ ಒಂದೊಂದೇ ಮೆಸೇಜನ್ನು ಗಟ್ಟಿಯಾಗಿ ಓದಿದರು. ಹೊಡೆಯಲಿಲ್ಲ. ‘ನಾನು ಕೈ ಮಾಡಲೇ ಇಲ್ಲ ಮೇಡಂ’ ಎಂದು ಅವರು ನನ್ನೆದುರು ನಿಜವಾಗಿಯೇ ಹೇಳಿದರು. ಆಮೇಲೆ ಫೋನ್ ಹೋಯಿತು, ಟ್ಯೂಷನ್ ನಿಂತಿತು, ಶಾಲೆಗೆ ಬಿಟ್ಟು ಕರೆತರುವುದು ಚಿಕ್ಕಪ್ಪನ ಪಾಲಿಗೆ ಬಂತು. ಮನೆ ಶಾಂತವಾಯಿತು. ಐದು ತಿಂಗಳ ಮೇಲೆ ಅವಳ ಕಿವಿಯ ಓಲೆ ಕಾಣಲಿಲ್ಲ. ಶಾಲೆಯಲ್ಲಿ ಬಿದ್ದುಹೋಯಿತು ಅಂದಳು. ಇನ್ನೊಂದು ತಿಂಗಳಿಗೆ ಅಜ್ಜಿಯ ಡಬ್ಬಿಯಿಂದ 3 ಸಾವಿರ ರೂಪಾಯಿ ಹೋಯಿತು. ಕೊನೆಗೆ ತಿಳಿದದ್ದೇನೆಂದರೆ, ಆ ಹುಡುಗನ ಬಳಿ ಅವಳ ಒಂದು ಫೋಟೋ ಇತ್ತು. ಅದು ಅವನ ಸ್ನೇಹಿತನೊಬ್ಬನ ಕೈಗೆ ಹೋಗಿತ್ತು. ಆ ಸ್ನೇಹಿತ ಶಾಲೆಯ ಗೇಟಿನ ಹತ್ತಿರ ನಿಂತು ದುಡ್ಡು ಕೇಳುತ್ತಿದ್ದ.

ಅವಳನ್ನು ನಾನು ಕೇಳಿದೆ, ಮೊದಲ ಸಲ ಬೆದರಿಸಿದಾಗಲೇ ಅಮ್ಮನಿಗೆ ಯಾಕಮ್ಮ ಹೇಳಲಿಲ್ಲ ಅಂತ. ‘ಮತ್ತೆ ಎಲ್ಲರ ಮುಂದೆ ನಿಲ್ಲಿಸ್ತಾರೆ’ ಅಂದಳು. ಅಷ್ಟೇ ಉತ್ತರ. ಆ ಫೋಟೋದಲ್ಲಿ ಅವಳು ನೈಟಿಯಲ್ಲಿದ್ದಳು, ಬೇರೇನೂ ಇರಲಿಲ್ಲ. ಬೆದರಿಸುವವನ ಬಂಡವಾಳ ‘ನಿಮ್ಮನೇಲಿ ಹೇಳ್ತೀನಿ’ ಎಂಬ ಒಂದು ಮಾತು. ಆ ಮಾತಿಗೆ ಬೆಲೆ ಬರುವುದು ಮನೆಯಲ್ಲಿ ಆಗುವ ಅವಮಾನದ ಭಯದಿಂದ. ಅದಕ್ಕೇ, ಮೊದಲ ಮಾತುಕತೆಯಲ್ಲಿ ನಿಮ್ಮ ಗುರಿ ಆ ಪ್ರೀತಿಯನ್ನು ನಿಲ್ಲಿಸುವುದಾಗಿರಬಾರದು. ನಾಳೆ ಯಾರಾದರೂ ಅವಳನ್ನು ಬೆದರಿಸಿದರೆ ಆ ಸಂಜೆಯೇ ಅವಳು ನಿಮ್ಮ ಹತ್ತಿರ ಬರುವಂತಿರಬೇಕು. ಅಷ್ಟು ಸಿಕ್ಕರೆ ಸಾಕು.

ಮಾತಾಡುವ ಮೊದಲು, ನೀವು ಆಗಲೇ ನೋಡಿರುವುದನ್ನು ಸಮಾಧಾನದಲ್ಲಿ ನೆನಪಿಸಿಕೊಳ್ಳಿ. ಮತ್ತೆ ಕದ್ದು ಓದುವುದು ಬೇಡ. ‘ಊಟ ಆಯ್ತಾ’, ‘ಮಿಸ್ ಯೂ’, ಹೃದಯದ ಚಿತ್ರ, ಮುನಿಸು, ರಾಜಿ ಇವೆಲ್ಲ ಆ ವಯಸ್ಸಿನ ಮಾತು. ನೀವು ಗಮನಿಸಬೇಕಾದದ್ದು ‘ಬೇಡ’ ಅಂದಮೇಲೆ ಅವನು ಏನು ಬರೆದ ಎನ್ನುವುದನ್ನು. ‘ಸರಿ ಬಿಡು’ ಅಂದು ನಾಳಿನ ಟೆಸ್ಟಿನ ಮಾತಿಗೆ ಹೋಗಿದ್ದರೆ ಅದು ಒಂದು ಬಗೆ. ‘ನನ್ ಮೇಲೆ ನಂಬಿಕೆ ಇಲ್ವಾ’, ‘ಎಲ್ಲರೂ ಕಳಿಸ್ತಾರೆ’, ‘ಕಳಿಸದಿದ್ರೆ ಮಾತಾಡಲ್ಲ’, ‘ಕೈ ಕುಯ್ಕೋತೀನಿ’ ಅಂದಿದ್ದರೆ ಅದು ಬೇರೆ, ಅಲ್ಲಿ ಪ್ರೀತಿಯ ಹೆಸರಿನಲ್ಲಿ ಒತ್ತಡವಿದೆ. ಮುಖದ ಫೋಟೋ ಕೇಳಿದನೋ ಬೇರೆ ಥರದ್ದು ಕೇಳಿದನೋ ಎಂಬುದೂ ಮುಖ್ಯ. ಇನ್ನೊಂದು, ಆ ‘ಮೊದಲ ಪಿಯುಸಿ ಹುಡುಗ’ ನಿಜಕ್ಕೂ ಮೊದಲ ಪಿಯುಸಿಯವನೇ? ಟ್ಯೂಷನ್‌ನಲ್ಲಿ ಕಣ್ಣಾರೆ ಕಾಣುವವನಾದರೆ ಸರಿ. ಆನ್‌ಲೈನಿನಲ್ಲಿ ಪರಿಚಯವಾಗಿ, ಮುಖ ತೋರಿಸದೆ, ರೀಚಾರ್ಜ್ ಮಾಡಿಸಿ, ಉಡುಗೊರೆ ಕಳಿಸಿ, ‘ಮನೇಲಿ ಯಾರಿಗೂ ಹೇಳ್ಬೇಡ, ಈ ಆ್ಯಪ್ ಬೇಡ ಬೇರೆ ಆ್ಯಪಿಗೆ ಬಾ’ ಅನ್ನುವವನು ಹದಿನಾರರ ಹುಡುಗ ಆಗಿರಲಿಕ್ಕಿಲ್ಲ.

ಈಗ ಮಾತು ಹೇಗೆ ತೆಗೆಯುವುದು. ಮನೆಯಲ್ಲಿ ಬೇರೆ ಯಾರೂ ಇಲ್ಲದ, ಇಬ್ಬರಿಗೂ ಅವಸರವಿಲ್ಲದ ಹೊತ್ತು ನೋಡಿ. ಪರೀಕ್ಷೆಯ ಹಿಂದಿನ ದಿನ, ರಾತ್ರಿ ಮಲಗುವ ಮುಂಚೆ ಬೇಡ. ಎದುರುಬದುರು ಕೂತರೆ ಅದು ವಿಚಾರಣೆಯಾಗುತ್ತದೆ, ಅದಕ್ಕೇ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ ಪಕ್ಕದಲ್ಲಿ ಕೂತುಕೊಳ್ಳಿ. ‘ಯಾರೋ ನಿನ್ನ ಬಗ್ಗೆ ಹೇಳಿದರು’ ಎಂದು ಸುಳ್ಳು ಕಟ್ಟಬೇಡಿ. ‘ನನಗೆ ಎಲ್ಲ ಗೊತ್ತು, ನೀನೇ ಹೇಳು’ ಎಂದು ಬಲೆ ಹಾಕಬೇಡಿ, ಅದರಿಂದ ಮಕ್ಕಳು ಕಲಿಯುವುದು ಇನ್ನಷ್ಟು ಜಾಣತನದ ಸುಳ್ಳನ್ನು. ನೇರವಾಗಿ ಹೀಗೆ ಹೇಳಬಹುದು:

‘ಭಾನುವಾರ ನಿನ್ನ ಫೋನಲ್ಲಿ ಮೆಸೇಜ್ ಬಂತು, ನಾನು ತೆಗೆದು ನೋಡಿದೆ. ಕೇಳದೆ ನೋಡಿದ್ದು ನಿನಗೆ ಬೇಜಾರಾಗುತ್ತೆ, ಗೊತ್ತು. ನಾನು ಬೈಯೋಕೆ ಕೂತಿಲ್ಲ. ಒಂದೇ ಒಂದು ವಿಷಯ ಕೇಳಬೇಕು, ಅವನು ಫೋಟೋ ಕೇಳಿದ್ದು ನೋಡಿದೆ. ನೀನು ಬೇಡ ಅಂದಿದ್ದೂ ನೋಡಿದೆ. ಆಮೇಲೆ ಅವನು ಮತ್ತೆ ಒತ್ತಾಯ ಮಾಡಿದ್ನಾ?’

ಅವಳು ಸಿಡಿದೇಳಬಹುದು. ‘ನೀನ್ಯಾಕಮ್ಮ ನನ್ನ ಫೋನ್ ಮುಟ್ಟಿದೆ?’ ಅನ್ನಬಹುದು. ‘ನಾನು ಕೊಟ್ಟ ಫೋನು’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ, ನುಂಗಿಕೊಳ್ಳಿ. ‘ಹೌದು, ಕೇಳಿ ನೋಡಬೇಕಿತ್ತು’ ಅನ್ನಿ. ಅಷ್ಟು ಒಪ್ಪಿಕೊಂಡರೆ ಜಗಳ ಫೋನಿನ ಸುತ್ತ ಸುತ್ತುವುದು ನಿಂತು ಮಾತು ಮುಂದಕ್ಕೆ ಹೋಗುತ್ತದೆ. ಅಳುತ್ತಾ ‘ಅಪ್ಪಂಗೆ ಹೇಳ್ಬೇಡ’ ಅಂದರೆ, ಹೇಳುವುದಿಲ್ಲ ಎಂದು ಆಣೆ ಮಾಡಬೇಡಿ. ‘ನಿನಗೆ ಗೊತ್ತಿಲ್ಲದಂಗೆ ಹೇಳಲ್ಲ’ ಅನ್ನಿ, ಮತ್ತು ಅದನ್ನು ಉಳಿಸಿಕೊಳ್ಳಿ. ಹುಡುಗನನ್ನು ಬೈಯುವುದೂ ಬೇಡ. ಬೈದ ಕೂಡಲೇ ಅವನ ಪರ ವಾದಿಸುವುದು ಅವಳ ಕೆಲಸವಾಗುತ್ತದೆ, ಅವನ ಬಗ್ಗೆ ಅವಳಿಗೇ ಇರುವ ಅನುಮಾನಗಳನ್ನು ಹೇಳಲು ಜಾಗವಿಲ್ಲದಂತಾಗುತ್ತದೆ.

ಮಾತಾಡಿದ ದಿನ, ಮಾರನೆಯ ದಿನ ಅವಳ ಮೇಲೆ ಕಣ್ಣಿರಲಿ. ಹದಿಹರೆಯದವರು ಜೀವಕ್ಕೆ ಅಪಾಯ ಮಾಡಿಕೊಳ್ಳುವುದು ಎಷ್ಟೋ ಸಲ ತಿಂಗಳುಗಟ್ಟಲೆ ಯೋಚಿಸಿ ಅಲ್ಲ, ಒಂದು ಅವಮಾನದ ಬೆನ್ನಿಗೇ. ಅದಕ್ಕೇ ಒಂಟಿಯಾಗಿ ಬಿಡಬೇಡಿ, ಆದರೆ ಕಾವಲೂ ಕೂರಬೇಡಿ, ಸುಮ್ಮನೆ ಜೊತೆಗಿರಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ, ಹಿರಿಯರ ಮಾತ್ರೆ ಇದ್ದರೆ ಬೀಗ ಹಾಕಿ ಇಡಿ. ‘ನಾನಿರಬಾರದು’, ‘ಎಲ್ಲರಿಗೂ ಭಾರ’ ಎಂಬ ಥರದ ಮಾತು ಬಂದರೆ ‘ಸಾಯಬೇಕು ಅನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಒಳಗಿದ್ದದ್ದು ಹೊರಬರುತ್ತದೆ. ಹೌದು ಅಂದರೆ ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಒತ್ತಾಯದಿಂದ ಫೋಟೋ ಹೋಗಿಬಿಟ್ಟಿದೆ ಎಂದು ಅವಳು ಹೇಳಿದರೆ? ಆಗ ನಿಮ್ಮ ಬಾಯಿಂದ ಬರಬೇಕಾದ ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು’. ಆ ಫೋಟೋ ಖಾಸಗಿಯದಾಗಿದ್ದರೆ ಅದನ್ನು ನೀವು ಸ್ಕ್ರೀನ್‌ಶಾಟ್ ತೆಗೆಯಬೇಡಿ, ಸಾಕ್ಷಿಗೆ ಇರಲಿ ಎಂದು ಗಂಡನಿಗೋ ತಮ್ಮನಿಗೋ ಕಳಿಸಬೇಡಿ. 18 ತುಂಬದವರ ಅಂಥ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು ಇದೆ. ಕಳಿಸಿದ್ದು ತಂದೆತಾಯಿ ಎಂಬ ವಿನಾಯಿತಿ ಅಲ್ಲಿಲ್ಲ. ಅವನ ಬೆದರಿಕೆಯ ಮಾತುಗಳನ್ನು, ನಂಬರನ್ನು, ಖಾತೆಯ ಹೆಸರನ್ನು, ದಿನಾಂಕವನ್ನು ಮಾತ್ರ ಉಳಿಸಿಕೊಳ್ಳಿ, ಬ್ಲಾಕ್ ಮಾಡುವುದು ಆಮೇಲೆ. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, cybercrime.gov.in ನಲ್ಲಿ ದೂರು ಕೊಡಬಹುದು. takeitdown.ncmec.org ಎಂಬ ಉಚಿತ ಸೇವೆಯೂ ಇದೆ. ಫೋಟೋ ನಿಮ್ಮ ಫೋನಿನಿಂದ ಎಲ್ಲಿಗೂ ಹೋಗದೆ, ಅದರ ಒಂದು ಗುರುತು ಮಾತ್ರ ಅಲ್ಲಿಗೆ ಹೋಗುತ್ತದೆ. ಆ ಗುರುತಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಂಥ ತಾಣಗಳು ಚಿತ್ರ ಏರದಂತೆ ತಡೆಯುತ್ತವೆ. ಒಬ್ಬರಿಂದೊಬ್ಬರಿಗೆ ವಾಟ್ಸಾಪ್‌ನಲ್ಲಿ ಹೋಗುವುದನ್ನು ಮಾತ್ರ ಅದು ತಡೆಯಲಾರದು.

ದೂರಿನ ವಿಷಯ ಬಂದದ್ದರಿಂದ ಪೋಕ್ಸೋ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. 2012ರ ಆ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳು. ಲೈಂಗಿಕ ಸಂಪರ್ಕಕ್ಕೆ ಅವರ ಒಪ್ಪಿಗೆ ಇತ್ತು ಎನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಇಬ್ಬರು ಮಕ್ಕಳು ‘ಲವ್ ಯೂ’ ಎಂದು ಬರೆದುಕೊಂಡದ್ದೇ ಅಪರಾಧವಲ್ಲ. ಹುಡುಗನಿಗೆ ಬುದ್ಧಿ ಕಲಿಸಲು ಠಾಣೆಗೆ ಹೋಗಿ, ಇಲ್ಲದ್ದನ್ನು ಸೇರಿಸಿ ದೂರು ಬರೆಸಿದರೆ, ಅದು ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ನಿಮ್ಮ ಮಗಳು ವೈದ್ಯಕೀಯ ಪರೀಕ್ಷೆಯಿಂದ ಹಿಡಿದು ನ್ಯಾಯಾಲಯದ ಹೇಳಿಕೆಯವರೆಗೆ ಎಲ್ಲವನ್ನೂ ಹಾಯಬೇಕಾಗಬಹುದು. ಆದರೆ ಎದುರಿನವನು ವಯಸ್ಕನಾಗಿದ್ದರೆ, ಬೆದರಿಕೆ ಇದ್ದರೆ, ಮೈ ಮುಟ್ಟಿದ್ದರೆ, ಖಾಸಗಿ ಫೋಟೋ ತೆಗೆಸಿಕೊಂಡಿದ್ದರೆ ಹಿಂಜರಿಯಬೇಡಿ. ಅಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಅದೇ ಕಾಯ್ದೆಯ 19ನೇ ಕಲಂ ಹೇಳುತ್ತದೆ. ನನ್ನಂಥ ಸಮಾಲೋಚಕರಿಗೂ ಅದು ಅನ್ವಯ. ಅದನ್ನು ನಾನು ಮಕ್ಕಳಿಗೆ ಮೊದಲ ಭೇಟಿಯಲ್ಲೇ ಹೇಳಿರುತ್ತೇನೆ.

ನಿಮ್ಮ ಅಕ್ಕನ ಸಲಹೆಯನ್ನು ಬಿಟ್ಟುಬಿಡಿ. ಅವರು ಕಾಳಜಿಯಿಂದಲೇ ಹೇಳಿದ್ದಾರೆ, ಆದರೆ 18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಆಗೇ ಇಲ್ಲ ಎಂದು ಲೆಕ್ಕ. ಅಜ್ಜಿ ಮನೆಗೆ ಕಳಿಸುವುದೂ ಎಸ್ಸೆಸ್ಸೆಲ್ಸಿಯ ನಡುವೆ ಅವಳ ಓದು, ಗೆಳತಿಯರು ಎರಡನ್ನೂ ಒಟ್ಟಿಗೆ ಕಿತ್ತುಕೊಂಡಂತೆ. ಇನ್ನೂ ಒಂದು, ಇದನ್ನು ಅಕ್ಕ ಇನ್ನೊಬ್ಬರಿಗೆ ಹೇಳದಂತೆ ಈಗಲೇ ಮಾತು ತೆಗೆದುಕೊಳ್ಳಿ. ಮುಂದಿನ ಮದುವೆ ಮನೆಯಲ್ಲಿ ಯಾರೋ ದೊಡ್ಡಮ್ಮ ಇದನ್ನೆತ್ತಿ ಅವಳ ಮುಂದೆ ನಕ್ಕರೆ ನೀವು ಕಟ್ಟಿದ್ದೆಲ್ಲ ಒಂದು ಗಳಿಗೆಯಲ್ಲಿ ಕುಸಿಯುತ್ತದೆ.

ನಿಮ್ಮ ಯಜಮಾನರಿಗೆ ಹೇಳಬೇಕೇ? ಹೇಳಬೇಕು, ಆದರೆ ಮಗಳ ಜೊತೆ ಮಾತಾಡಿದ ಮೇಲೆ. ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ತಿಳಿದರೆ ಅವರ ಸಿಟ್ಟು ನಿಮ್ಮ ಮೇಲೂ ಅವಳ ಮೇಲೂ ಇಮ್ಮಡಿಯಾಗುತ್ತದೆ. ಅವರಿಗೆ ಫೋನ್ ತೋರಿಸಬೇಡಿ. ಮೆಸೇಜಿನ ಸಾಲುಗಳು ಒಮ್ಮೆ ಕಣ್ಣಿಗೆ ಬಿದ್ದರೆ ತಂದೆಯ ಮನಸ್ಸಿನಿಂದ ಹೋಗುವುದಿಲ್ಲ, ಸಾರಾಂಶ ಹೇಳಿದರೆ ಸಾಕು. ಮೊದಲು ಅವಳು ‘ಬೇಡ’ ಅಂದದ್ದನ್ನು ಹೇಳಿ, ಆಮೇಲೆ ಹುಡುಗನ ವಿಷಯ. ಬರಿಗೈಯಲ್ಲಿ ಹೋಗಬೇಡಿ, ‘ನಾನು ಮಾತಾಡಿದ್ದೇನೆ, ಹೀಗೆ ಮಾಡೋಣ ಅಂದುಕೊಂಡಿದ್ದೇನೆ, ಒಂದು ವಾರ ನನಗೆ ಬಿಡಿ’ ಎಂದು ಒಂದು ದಾರಿ ಮುಂದಿಡಿ. ಸಿಟ್ಟಿನ ಅಪ್ಪಂದಿರು ಎಷ್ಟೋ ಸಲ ಕೂಗಾಡುವುದು ಬೇರೇನು ಮಾಡಬೇಕೋ ತಿಳಿಯದೆ. ಅವರು ಕೈ ಮಾಡುವವರೇ ಆಗಿದ್ದರೆ ಮಾತ್ರ ನೀವೊಬ್ಬರೇ ಹೇಳಬೇಡಿ. ಅವರು ಗೌರವ ಕೊಡುವ ಒಬ್ಬರು, ನಿಮ್ಮ ಅಣ್ಣನೋ ಅವಳ ಶಾಲೆಯ ಮೇಷ್ಟರೋ ಆಪ್ತಸಮಾಲೋಚಕರೋ ಜೊತೆಗಿರಲಿ.

ಹುಡುಗನ ಮನೆಗೆ ಈಗಲೇ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ. ಅವನು ನಿಜಕ್ಕೂ ಟ್ಯೂಷನ್‌ಗೆ ಬರುವ ಹುಡುಗನೇ ಆಗಿದ್ದು, ಒತ್ತಾಯ ನಿಂತಿದ್ದರೆ ಇದು ನಿಮ್ಮ ಮನೆಯೊಳಗೇ ಮುಗಿಯುವ ವಿಷಯ. ಒತ್ತಾಯ ಮುಂದುವರಿದರೆ, ಮಗಳಿಗೆ ತಿಳಿಸಿಯೇ, ಅವನ ತಾಯಿಯ ಹತ್ತಿರ ನೀವು ತಾಯಿಯಾಗಿ ಮಾತಾಡಿ, ನಾಲ್ಕು ಜನ ಗಂಡಸರನ್ನು ಕರೆದುಕೊಂಡು ಹೋಗಬೇಡಿ. ಆ ಮನೆಯಲ್ಲೂ ಹೊಡೆತ ತಿನ್ನಬಹುದಾದ ಒಂದು ಮಗು ಇದೆ.

ಫೋನಿನ ವಿಷಯದಲ್ಲಿ ಒಂದೇ ಒಂದು ನಿಯಮ ತನ್ನಿ, ಮನೆಯ ಎಲ್ಲರಿಗೂ. ರಾತ್ರಿ 10ರ ಮೇಲೆ ಎಲ್ಲ ಫೋನೂ ಹಾಲ್‌ನಲ್ಲಿ ಚಾರ್ಜಿಗೆ, ನಿಮ್ಮದು, ಯಜಮಾನರದ್ದೂ ಸೇರಿ. ಫೋಟೋ ಕೇಳುವುದು, ಕಳಿಸುವುದು, ‘ನೀನಿಲ್ಲದಿದ್ರೆ ಸಾಯ್ತೀನಿ’ ಅನ್ನುವುದು ನಡುರಾತ್ರಿಯ ಒಂಟಿತನದಲ್ಲೇ ಹೆಚ್ಚು. ನಿದ್ದೆ ಸರಿಹೋದರೆ ಓದೂ ಅರ್ಧ ಸರಿಹೋಗುತ್ತದೆ. ಗುಟ್ಟಾಗಿ ಕಣ್ಗಾವಲಿನ ಆ್ಯಪ್ ಹಾಕಬೇಡಿ. ಅದು ಸಿಕ್ಕಿಬೀಳುತ್ತದೆ, ಆಮೇಲೆ ನಿಮ್ಮ ಮೇಲಿನ ನಂಬಿಕೆ ಮರಳಿ ಬರಲು ವರ್ಷ ಬೇಕಾಗುತ್ತದೆ. ಪ್ರೀತಿಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಹೇಳಲು ನಿಮಗೆ ಹಕ್ಕಿದೆ. ‘ಈ ವಯಸ್ಸಿಗೆ ಇದು ಬೇಡ ಅಂತ ನನ್ನ ಮನಸ್ಸು’ ಎಂದು ಒಂದು ಸಲ, ಸ್ಪಷ್ಟವಾಗಿ ಹೇಳಿ. ಹತ್ತು ಸಲ ಹೇಳಬೇಡಿ.

ಮೊದಲ ದಿನ ಅವಳು ಏನೂ ಹೇಳದಿರಬಹುದು. ‘ಏನಿಲ್ಲ, ಸುಮ್ನೆ ಫ್ರೆಂಡು’ ಎಂದು ಎದ್ದು ಹೋಗಬಹುದು. ಹಿಂದೆ ಹೋಗಬೇಡಿ, ‘ಸರಿ, ಹೇಳಬೇಕು ಅನಿಸಿದಾಗ ಹೇಳು’ ಅನ್ನಿ. ನಾನು ಕಂಡಂತೆ ಈ ಮಕ್ಕಳು ತಿರುಗಿ ಬರುವುದು ಎರಡು ಮೂರು ದಿನ ಬಿಟ್ಟು, ನಾವು ಕಾಯದ ಹೊತ್ತಿನಲ್ಲಿ. ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಉಗುರು ನೋಡಿಕೊಳ್ಳುತ್ತಾ, ‘ಅಮ್ಮ, ಅವತ್ತು ಕೇಳಿದ್ಯಲ್ಲ’ ಎಂದು ಶುರು ಮಾಡುತ್ತಾರೆ. ಆಗ ಗ್ಯಾಸ್ ಆರಿಸಿ. ಸಾರಿಗೆ ಒಗ್ಗರಣೆ ಆಮೇಲೆ ಹಾಕಬಹುದು.